ಬರಾಕಾಗಲ್ಲ ಎಂದು ಬರೆದ ಕಾಗದ

ದಾವಣಗೆರೆಯಲ್ಲಿ ನಾನು ಬೋರ್ಡ್ ಬರೆಯುವ ಕೆಲಸಕ್ಕೆ ಇಳಿದಾಗ ಮೊದಲ ಕೆಲಸ ಕೊಟ್ಟವರು ಹರಿಹರದ ಒಬ್ಬ ಜವಳಿ ಅಂಗಡಿಯ ಸಾಹೇಬರು. ಆ ಬೋರ್ಡು ನೋಡಿಯೇ ಉಳಿದವರು ನನ್ನನ್ನು ಕರೆದದ್ದು. ಎಂಬತ್ತರ ದಶಕದ ಆರಂಭದಲ್ಲಿ ಅವರಿಂದ ಒಂದು ಕಾರ್ಡು ಬಂತು. ಬಸ್ ರಸ್ತೆಯ ಉದ್ದನೆಯ ಗೋಡೆಯ ಮೇಲೆ ಅಂಗಡಿಯ ಜಾಹೀರಾತು ಬರೆಯಬೇಕು, ಸೀರೆ ಉಟ್ಟ ಹೆಣ್ಣುಮಗಳ ಚಿತ್ರವೂ ಬೇಕು. ಅವರು ಹೇಳಿದ ದುಡ್ಡು ಬಣ್ಣಕ್ಕೇ ಸಾಲುತ್ತಿರಲಿಲ್ಲ.

ನಮ್ಮ ಕಸುಬಿನಲ್ಲಿ ಇಂಥದ್ದಕ್ಕೆ ಎರಡು ದಾರಿ. ಒಪ್ಪಿಕೊಂಡು, ಬಣ್ಣಕ್ಕೆ ಟರ್ಪಂಟೈನ್ ಜಾಸ್ತಿ ಸುರಿದು ತೆಳು ಮಾಡಿ, ಒಂದೇ ಕೈ ಬಳಿದು ಬರುವುದು. ಇಲ್ಲವೇ "ಆಗ್ಲಿ, ಬರ್ತೀನಿ" ಎಂದು ಹೇಳಿ ಹೋಗದೇ ಇರುವುದು. ಮೊದಲ ಮಳೆಗೇ ಮಾಸುವ ಬಣ್ಣದಲ್ಲಿ ಅವರ ಅಂಗಡಿಯ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಹೋಗದಿದ್ದರೆ ಅವರನ್ನೇ ಕಳೆದುಕೊಳ್ಳುವ ಭಯ.

ಮೀಸೆ ಬಂದ ಮೇಲೆ ಶಾಲೆ ಕಲಿತವನು ನಾನು. ಆ ಕಾರ್ಡು ಬಂದಾಗ ಕೆ.ಬಿ. ಬಡಾವಣೆಯಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಅವರಿಗೊಂದು ಕಾಗದ ಟೈಪ್ ಮಾಡಿದೆ. ಟೈಪಿಂಗ್ ಕಲಿಸುವ ಮೇಡಂ ಓದಿ ಕೇಳಿದರು:

"ಹರಿಹರಕ್ಕ ಹೋಗೋದು ಯಾವಾಗ?"

"ಹೋಗಲ್ರಿ ಮೇಡಂ. ಬರಾಕಾಗಲ್ಲ ಅಂತ ಬರ್ದೀನಲ್ರಿ."

"ಎಲ್ಲೈತ್ರಿ ಅದು? ತಮ್ಮ ಉಪಕಾರ, ತಮ್ಮ ದೊಡ್ಡ ಮನಸ್ಸು, ತಮ್ಮ ಆಶೀರ್ವಾದ... ಇದನ್ನ ಓದಿ ಅವ್ರು ನಾಳೆನೇ ಗೋಡೆಗೆ ಸುಣ್ಣ ಹೊಡಸ್ತಾರ!"

"ದೊಡ್ಡೋರಿಗೆ ಇಲ್ಲ ಅಂತ ಹೆಂಗ್ರಿ ಅನ್ನೋದು?"

"ಮೊದಲ್ನೇ ಸಾಲಿಗೇ ಅನ್ರಿ. ಉಪಕಾರ ಆಮೇಲೆ ನೆನಸ್ರಿ. ಕಾಯಿಸೋದು ಮರ್ಯಾದಿ ಅಲ್ಲ."

ಹಾಳೆ ಬದಲಿಸಿದೆ. ಈ ಗೋಡೆಯ ಕೆಲಸ ತಮ್ಮ ದರಕ್ಕೆ ಮಾಡಲು ನನ್ನಿಂದ ಆಗುವುದಿಲ್ಲ, ಎರಡು ಕೈ ಒಳ್ಳೆಯ ಬಣ್ಣಕ್ಕೆ ಅದು ಸಾಲದು ಎಂದು ಮೊದಲೇ ಬರೆದೆ. ಚಿತ್ರ ಬಿಟ್ಟು, ಗೋಡೆಯ ಅರ್ಧಕ್ಕೆ ಬರೀ ಅಕ್ಷರ ಸಾಕೆಂದರೆ ಅದೇ ದುಡ್ಡಿಗೆ ಬರುತ್ತೇನೆ ಎಂದೆ. ಪೂರ್ತಿ ಗೋಡೆಯೇ ಬೇಕೆಂದರೆ ಬೇರೆಯವರಿಗೆ ಕೊಡಿ, ನನಗೆ ಬೇಸರವಿಲ್ಲ, ಮುಂದಿನ ಬೋರ್ಡಿಗೆ ಕರೆದರೆ ಸಂತೋಷದಿಂದ ಬರುತ್ತೇನೆ ಎಂದೂ ಸೇರಿಸಿದೆ. ಮೊದಲ ಕೆಲಸ ಕೊಟ್ಟದ್ದನ್ನು ಮರೆತಿಲ್ಲ ಎಂಬುದು ಕೊನೆಯ ಸಾಲಾಯಿತು.

ಉತ್ತರ ಬರಲಿಲ್ಲ. ದೊಡ್ಡವರಿಗೆ ನೋವು ಮಾಡಿದೆನೆಂದೇ ತಿಳಿದುಕೊಂಡಿದ್ದೆ. ಆದರೆ ಎರಡು ವಾರ ಕಳೆದ ಮೇಲೆ ಒಂದು ಸೋಮವಾರ ಸಾಹೇಬರೇ ನನ್ನ ಅಂಗಡಿಯ ಮುಂದೆ ನಿಂತಿದ್ದರು.

"ಏನಪಾ, ಮಷಿನ್ನಿನ್ಯಾಗ ಹೊಡ್ದು ಕಳಸ್ತೀಯಾ? ಕೋರ್ಟಿಂದ ನೋಟೀಸ್ ಬಂತು ಅಂತ ನಮ್ಮ ಮನ್ಯಾಗ ಎಲ್ಲಾರೂ ಗಾಬರಿ!"

"ತಪ್ಪಾತ್ರಿ ಸಾಹೇಬ್ರ."

"ತಪ್ಪಿಲ್ಲ ಬಿಡು. ಹೋದ ಸಲ ಹೂಂ ಅಂದ ಪೇಂಟರ್‌ನ ದಾರಿ ಇವತ್ತಿಗೂ ನೋಡ್ತಾ ಇದೀನಿ. ನೀನು ಬರಲ್ಲ ಅಂದಿ, ನಾನು ಬ್ಯಾರೇದೋರ್ನ ಕರ್ಕೊಂಡೆ. ಗೋಡೆ ಆತು." ಕುಳಿತು ಚಹಾ ಹೇಳಿದರು. ಚಹಾದ ದುಡ್ಡೂ ಅವರೇ ಕೊಟ್ಟರು. "ನನ್ನ ಅಳಿಯ ಇಲ್ಲೇ ಅಂಗಡಿ ಇಡ್ತಾನ. ಬೋರ್ಡು ನೀನೇ ಬರಿ. ರೇಟು ಮೊದ್ಲೇ ಹೇಳು, ನಾನೂ ಮೊದಲ್ನೇ ಸಾಲಿಗೇ ಹೂಂ ಅಂತ್ಲೋ ಇಲ್ಲ ಅಂತ್ಲೋ ಹೇಳ್ತೀನಿ."

ಹೇಳಿದೆ. ಸ್ವಲ್ಪ ಚೌಕಾಸಿ ಮಾಡಿ, ಹೂಂ ಅಂದರು. ಆ ಬೋರ್ಡು ಮುಗಿದ ದಿನ ಟೈಪಿಂಗ್ ಮೇಡಂಗೆ ಮಲ್ಲಿಗೆ ಹೂವು ಒಯ್ದುಕೊಟ್ಟೆ.