ಎದುರುಗಾಳಿಯಲ್ಲಿ ಕಾಂತಿಯ ಪಾಳಿ

ಕೊಕ್ಕಡದಲ್ಲಿ ಅಪ್ಪ ಚಿನ್ನಯ್ಯನ ಸಣ್ಣ ಹೋಟೆಲಿನಲ್ಲಿ ಬಂದವರಿಗೆಲ್ಲ ಬಡಿಸಿ, ಕೊನೆಗೆ ತಾನು ಉಣ್ಣುವವಳು ಕಾಂತಿ. ಸೈಕಲ್ ರೇಸಿನಲ್ಲೂ ಈ ಪುಣ್ಯಾತ್ಗಿತ್ತಿಗೆ ಅದೇ ಉಪಚಾರ! ಎಲ್ಲರ ಮುಂದೆ ನಿಂತು ಗಾಳಿಗೆ ಎದೆಕೊಟ್ಟು ತುಳಿಯುವಳು. ಹಿಂದಿನವರು ಅವಳ ಮರೆಯಲ್ಲಿ ಹಾಯಾಗಿ ಬಂದು, ಕಡೆಯಲ್ಲಿ ಅವಳನ್ನೇ ದಾಟುವರು. ಹೋದ ವರ್ಷವೂ ಹಾಗೆಯೇ ಸೋತಳು. ಇನ್ನೊಬ್ಬರ ಬೆನ್ನಿಗೆ ಅಂಟಿ ಹೋಗುವುದೆಂದರೆ ಕದ್ದು ತಿಂದಂತೆ ಎಂದು ಅವಳ ಭಾವನೆ.

ಈ ಸಲ ಗುರುವಾಯನಕೆರೆಯಿಂದ ಮೂಡಬಿದ್ರೆಗೆ ರೇಸು. ಮೊದಲ ಇಬ್ಬರಿಗೆ ಅಲ್ಲಿನ ಕಾಲೇಜಿನ ಕ್ರೀಡಾ ಹಾಸ್ಟೆಲಿನಲ್ಲಿ ಪುಕ್ಕಟೆ ಸೀಟು. ಸಿಗದಿದ್ದರೆ ಕಾಂತಿಯ ಓದು ಅಲ್ಲಿಗೇ ಮುಗಿಯಿತು.

"ಏನು ಮಾರಾಯ್ತಿ, ಊರಿಗೆಲ್ಲ ಬಡಿಸಿ ನೀನು ಉಪವಾಸ ಬೀಳುದಾ?" ಎಂದು ಕೋಚ್ ಕೂಸಪ್ಪ ಗದರಿದರು. "ಮುಂದಿನವಳು ಗಾಳಿ ಸೀಳ್ತಾಳೆ. ಅವಳ ಚಕ್ರಕ್ಕೆ ಗೇಣು ಬಿಟ್ಟು ಹೋಗು, ಅದೇ ಸ್ಪೀಡಿಗೆ ಕಾಲು ಭಾಗ ಶಕ್ತಿಯಾದ್ರೂ ಉಳೀತದೆ. ಕದಿಯುದಲ್ಲ ಅದು. ನಿನ್ನ ಪಾಳಿ ಬಂದಾಗ ನೀನೂ ಮುಂದೆ ಬಂದು ಎಳಿ, ಮುಗಿದ ಮೇಲೆ ಬದಿಗೆ ಸರಿ!"

ಹೊರಟ ಸ್ವಲ್ಪದರಲ್ಲೇ ನರಿಕೊಂಬಿನ ಜುವೈರಿಯಾ ಗುಂಪು ಬಿಟ್ಟು ಒಬ್ಬಳೇ ಮುಂದೆ ಹಾರಿದಳು. ಬೆನ್ನಟ್ಟಲು ಕಾಂತಿಯ ಕಾಲು ತುಡಿಯಿತು. ಅಯ್ಯೋ, ಹೋಯಿತಲ್ಲ ಸೀಟು! ಆದರೂ ಹಲ್ಲು ಕಚ್ಚಿ ಗುಂಪಿನ ನಡುವೆಯೇ ಉಳಿದಳು. ಪಡುವಣ ಗಾಳಿ ಮುಖಕ್ಕೇ ಬೀಸುತ್ತಿತ್ತು. ಒಂಟಿ ಜುವೈರಿಯಾ ಅದನ್ನೆಲ್ಲ ತಾನೇ ತಿನ್ನಬೇಕಿತ್ತು, ಗುಂಪಿನವರು ಸರದಿಯಲ್ಲಿ ಹಂಚಿಕೊಂಡರು. ವೇಣೂರು ದಾಟಿದ ಮೇಲೆ ಅವಳು ಸಿಕ್ಕೇಬಿಟ್ಟಳು.

ಸಿಕ್ಕಳಲ್ಲ ಎಂದು ಎಲ್ಲರೂ ಉಸಿರು ಬಿಟ್ಟು ನಿಧಾನವಾದರು. ಏರು ಶುರುವಾಗಿತ್ತು. ಕಾಂತಿ ಸೀಟಿನಿಂದೆದ್ದು ಪೆಡಲ್ ಒತ್ತಿ ಹೊರಟೇಬಿಟ್ಟಳು! ಸುಸ್ತಾಗಿದ್ದರೂ ಜುವೈರಿಯಾ ಒಬ್ಬಳೇ ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬಂದಳು. ಉಳಿದವರು ನೀನು ಎಳಿ, ನೀನು ಎಳಿ ಎಂದು ಮುಖ ಮುಖ ನೋಡಿಕೊಂಡೇ ಉಳಿದರು.

ಸ್ವಲ್ಪ ದೂರ ಎಳೆದ ಕಾಂತಿಗೆ ಹಳೆಯ ಚಾಳಿಯೇ ಬಂತು. ಪಾಪ, ಅವಳಿಗೆ ಸುಸ್ತು, ನಾನೇ ಎಳೆದರಾಯಿತು. ತೊಡೆ ಉರಿಯತೊಡಗಿತು. ತಿರುಗಿ ನೋಡಿದರೆ ಗುಂಪು ಹತ್ತಿರವಾಗುತ್ತಿದೆ! ಹೀಗೇ ಹೋದರೆ ಇಬ್ಬರೂ ಸಿಕ್ಕಿಬೀಳುವುದು ಖಂಡಿತ. ನಾಚಿಕೆ ಬಿಟ್ಟು ಬದಿಗೆ ಸರಿದು ಮೊಣಕೈ ಆಡಿಸಿ ಸನ್ನೆ ಮಾಡಿದಳು.

"ನೀನು ಬಾ ಮುಂದೆ! ಸ್ವಲ್ಪ ಎಳೆದರೆ ಸಾಕು!"

"ಆಗ್ಲೇ ಹೇಳ್ಬಾರದಿತ್ತಾ?" ಎನ್ನುತ್ತಾ ಜುವೈರಿಯಾ ಮುಂದೆ ಬಂದಳು. ಅವಳ ಮರೆಯಲ್ಲಿ ಕಾಂತಿಗೆ ಉಸಿರು ಮರಳಿತು. ಮತ್ತೆ ಇವಳು, ಮತ್ತೆ ಅವಳು. ಮೂಡಬಿದ್ರೆಯ ಗೆರೆಯನ್ನು ಕಾಂತಿ ಮೊದಲು ದಾಟಿದಳು, ಹಿಂದೆಯೇ ಜುವೈರಿಯಾ. ಗುಂಪು ಆಮೇಲೆ ಬಂತು.

ಅಲ್ಲೇ ಕಾಯುತ್ತಿದ್ದ ಕೂಸಪ್ಪರ ಕೈ ಹಿಡಿದು ಕಾಂತಿ ಅತ್ತೇಬಿಟ್ಟಳು. ಅಬ್ಬಾ, ಓದು ಉಳಿಯಿತು!

ಮಧ್ಯಾಹ್ನ ಹಾಸ್ಟೆಲಿನಲ್ಲಿ ಎಲ್ಲರಿಗೂ ಊಟ. ಅಭ್ಯಾಸಬಲದಿಂದ ಕಾಂತಿ ಸಾರಿನ ಸೌಟು ಹಿಡಿದು ನಿಂತಳು. ಜುವೈರಿಯಾ ಅದನ್ನು ಕಿತ್ತುಕೊಂಡಳು.

"ಕೂತ್ಕೊ ಮಾರಾಯ್ತಿ, ಈಗ ನನ್ನ ಪಾಳಿ."

ಕಾಂತಿ ನಗುತ್ತಾ ಕುಳಿತು ತಟ್ಟೆ ಮುಂದಿಟ್ಟಳು.