ಒಂದು ಮಧ್ಯಾಹ್ನದ ಮಟ್ಟಿಗೆ ಅಕ್ಕ

ಪುಣೆಯ ಆಸ್ಪತ್ರೆಯೊಂದರಲ್ಲಿ ನಾನು ಸೋಂಕು ನಿಯಂತ್ರಣದ ನರ್ಸು. ವಯಸ್ಸಾಗಿದೆ, ನಿವೃತ್ತಿಯಾದ ಮೇಲೂ ಕರೆದು ಇಟ್ಟುಕೊಂಡಿದ್ದಾರೆ. ಆಸ್ಪತ್ರೆಗೆ ಬಂದ ಮೇಲೆ ಅಂಟಿಕೊಂಡ ಸೋಂಕು ಯಾರಿಗೆ, ಎಲ್ಲಿಂದ ಬಂತು ಎಂದು ಹುಡುಕುವುದು ನನ್ನ ಕೆಲಸ. ಯಾರು ಯಾವಾಗ ಕೈ ಶುಚಿ ಮಾಡಿಕೊಳ್ಳುತ್ತಾರೆ ಎಂದು ನಿಂತು ನೋಡುವುದೂ ಅದರಲ್ಲೇ ಸೇರಿದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಐಸಿಯುವಿನ ಇಬ್ಬರು ರೋಗಿಗಳಲ್ಲಿ ಒಂದೇ ರೋಗಾಣು ಕಾಣಿಸಿತು. ಬಲವಾದ ಔಷಧಗಳಿಗೂ ಬಗ್ಗದ ಜಾತಿ ಅದು. ಇಬ್ಬರನ್ನೂ ಬೇರೆ ಬೇರೆ ಗಾಜಿನ ಕೋಣೆಗಳಲ್ಲಿಟ್ಟೆವು. ಬಾಗಿಲಿಗೆ ಫಲಕ ಹಾಕಿ, ಒಳಹೋಗುವವರಿಗೆ ಗೌನು ಮತ್ತು ಗ್ಲೌಸು ಕಡ್ಡಾಯ ಮಾಡಿದೆವು. ಆಯಾ ರೋಗಿಗೆ ಬಳಸುವ ಸ್ಟೆತಸ್ಕೋಪು, ಬಿಪಿ ಪಟ್ಟಿ ಅವರ ಕೋಣೆಯಲ್ಲೇ ಉಳಿಯಬೇಕು. ಅಲ್ಲಿಗೆ ಸಾಗಿಸುವ ಮೊದಲು ಆ ಇಬ್ಬರ ಪಕ್ಕದ ಹಾಸಿಗೆಯಲ್ಲಿದ್ದವರು ವಿಜಯಪುರ ಕಡೆಯ ಒಬ್ಬ ಹೆಂಗಸು. ಪುಣೆಯ ಕೊಂಢವಾ ಬಡಾವಣೆಯಲ್ಲಿ ಗಂಡನಿಗೆ ಟೈಲ್ಸ್ ಅಂಗಡಿ. ಆಕೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ, ನ್ಯುಮೋನಿಯಾದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದರು. ಆ ರೋಗಾಣು ಅವರ ರಕ್ತಕ್ಕೆ ಸೇರಿದರೆ ಉಳಿಸಿಕೊಳ್ಳುವುದು ಕಷ್ಟವಿತ್ತು. ಅದಿನ್ನೂ ಅವರನ್ನು ತಲುಪಿದೆಯೋ ಇಲ್ಲವೋ ತಿಳಿಯಲು ಅವರ ಸ್ವಾಬನ್ನು ಪ್ರಯೋಗಾಲಯಕ್ಕೆ ಕಳಿಸಿದ್ದೆವು. ಗಂಡ ಹೊರಗಿನ ಬೆಂಚು ಬಿಟ್ಟು ಕದಲುತ್ತಿರಲಿಲ್ಲ.

ರೋಗಾಣು ಒಬ್ಬರಿಂದ ಇನ್ನೊಬ್ಬರಿಗೆ ಹರಡಿದ ದಾರಿ ಯಾವುದೆಂದು ನನಗೆ ಹೊಳೆಯಲಿಲ್ಲ. ನಾನು ನೋಡಿದಾಗಲೆಲ್ಲ ಸಿಬ್ಬಂದಿಯ ಕೈಗಳು ಶುಚಿಯಾಗಿಯೇ ಇದ್ದವು. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ನಳಿಗೆಗೆ ಕೈ ಹಾಕುವ ಮುಂಚೆ, ಕೊನೆಗೆ ಬರೀ ಮಂಚದ ಕಂಬಿ ಹಿಡಿದು ಬಿಟ್ಟರೂ ಔಷಧ ಹಚ್ಚಿ ಉಜ್ಜಿಕೊಳ್ಳುತ್ತಿದ್ದರು. ಆ ಹೆಂಗಸಿಗೇ ನಗು ಬಂತು.

"ನೀವು ಬಂದ್ರ ಸಾಕ್ರಿ, ಹೆಣ್ಣು ನೋಡಾಕ ಬೀಗರು ಬಂದಂಗ ಎಲ್ಲಾರೂ ಶಾಣ್ಯಾ ಆಗ್ತಾರ," ಎಂದರು.

ಮಾತು ಸರಿಯಾಗಿತ್ತು. ನಮ್ಮ ಸೂಕ್ಷ್ಮಜೀವಿ ತಜ್ಞೆಯ ಒಪ್ಪಿಗೆ ಪಡೆದು, ಮರುದಿನ ನನ್ನ ಸಮವಸ್ತ್ರ ಬಿಟ್ಟು ಇಳಕಲ್ ಸೀರೆ ಉಟ್ಟೆ. ಮಾಸ್ಕು ಹಾಕಿ, ಭೇಟಿಯ ಹೊತ್ತಿನಲ್ಲಿ ಆಕೆಯ ಅಕ್ಕನೆಂದು ಒಳಗೆ ಬಂದೆ. ಬಾಗಿಲಲ್ಲಿ ಎಲ್ಲರಂತೆ ಕೈ ಶುಚಿ ಮಾಡಿಕೊಂಡೆ. ಆಕೆಗೆ ಹೇಳಿಯೇ ಮಾಡಿದ್ದು, ಖುಷಿಯಿಂದ ಒಪ್ಪಿದ್ದರು. "ಬಾ ಅಕ್ಕಾ, ಕುಂದರು. ಊರಾಗ ಮಳಿ ಆತೇನು?" ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿಕೊಂಡರು. ನಾನು ಮಳೆಯಾಯಿತೆಂದೆ.

ಕುಳಿತು ನೋಡಿದೆ. ನಾನಿಲ್ಲವೆಂದುಕೊಂಡಾಗಲೂ ನರ್ಸುಗಳ ಕೈಶುಚಿ ಕೆಟ್ಟಿರಲಿಲ್ಲ. ಅಲ್ಲೊಂದು ಇಲ್ಲೊಂದು ತಪ್ಪು, ಅಷ್ಟೆ. ಆ ದಿನ ತಡವಾದ ಎಕ್ಸ್‌ರೇ ಗಾಡಿ ಆಗ ಬಂತು. ತಂತ್ರಜ್ಞರು ವರ್ಷಗಟ್ಟಲೆ ಅನುಭವವಿದ್ದವರು, ಶಿಸ್ತಿನ ಮನುಷ್ಯ. ಮೊದಲು ಹೋದದ್ದು ಗಾಜಿನ ಕೋಣೆಯೊಂದಕ್ಕೆ. ಗೌನು, ಗ್ಲೌಸು ಎಲ್ಲ ಹಾಕಿಕೊಂಡು ರೋಗಿಯ ಬೆನ್ನ ಕೆಳಗೆ ಎಕ್ಸ್‌ರೇ ಮೂಡುವ ಪ್ಲೇಟು ಸರಿಸಿ ಚಿತ್ರ ತೆಗೆದರು. ಬಾಗಿಲ ಬಳಿ ಗ್ಲೌಸು, ಗೌನು ಕಳಚಿ ಕಸದಬುಟ್ಟಿಗೆ ಹಾಕಿ ಕೈ ಚೆನ್ನಾಗಿ ಉಜ್ಜಿಕೊಂಡರು. ನನಗೆ ಅಭಿಮಾನವೇ ಆಯಿತು. ಆಮೇಲೆ ಗಾಡಿಯ ಮೇಲಿಟ್ಟಿದ್ದ ಅದೇ ಪ್ಲೇಟನ್ನು ಆ ಶುಚಿಯಾದ ಕೈಯಲ್ಲಿ ಎತ್ತಿಕೊಂಡು ನಮ್ಮ ಮಂಚದ ಕಡೆ ಬಂದರು. ಅದಕ್ಕೆ ಹೊದಿಸುವ ಪ್ಲಾಸ್ಟಿಕ್ ಚೀಲವಿರಲಿಲ್ಲ, ಒರೆಸಿಯೂ ಇರಲಿಲ್ಲ.

ಇನ್ನೊಂದಿಷ್ಟು ಹೊತ್ತು ಸುಮ್ಮನಿದ್ದು ನೋಡಬೇಕೆಂದಿದ್ದೆ. ಆದರೆ ಪ್ಲೇಟು ಆಕೆಯ ಬೆನ್ನಿನ ಹತ್ತಿರ ಬಂದಿತ್ತು.

"ಥಾಂಬಾ," ಎಂದೆ, ಮರಾಠಿಯಲ್ಲಿ. ನಿಲ್ಲಿ.

ದನಿಯಿಂದಲೇ ಗುರುತು ಹಿಡಿದು ಇಡೀ ಐಸಿಯು ತಿರುಗಿತು. ಹಾಸಿಗೆಯಿಂದ ಮೆಲ್ಲಗೆ, "ಮುಗೀತ್ರಿ ನಾಟಕ," ಎಂಬ ಮಾತು ಬಂತು. ತಂತ್ರಜ್ಞರಿಗೆ ಬೇಸರವಾಯಿತು, ಕೈ ಶುಚಿ ಮಾಡಿಕೊಂಡಿದ್ದೇನಲ್ಲ, ನೀವೇ ನೋಡಿದಿರಲ್ಲ ಎಂದರು. ನೋಡಿದ್ದೆ ಎಂದೆ, ಪ್ಲೇಟಿನ ಕಡೆ ಕೈ ತೋರಿಸಿದೆ. ಅವರು ಅದನ್ನು ಒಮ್ಮೆ ನೋಡಿ ಗಾಡಿಯ ಮೇಲೆ ವಾಪಸಿಟ್ಟರು.

ಕೈಗೆ ಅಷ್ಟು ಗಮನ ಕೊಟ್ಟಿದ್ದ ನಮ್ಮಲ್ಲಿ, ಪ್ಲೇಟು ಒರೆಸುವವರು ಯಾರೆಂದು ಎಂದೂ ಗೊತ್ತುಮಾಡಿರಲಿಲ್ಲ. ಎಕ್ಸ್‌ರೇಯವರು ಐಸಿಯುವಿನವರದೆಂದುಕೊಂಡಿದ್ದರು, ಐಸಿಯುವಿನವರು ಎಕ್ಸ್‌ರೇಯವರದೆಂದುಕೊಂಡಿದ್ದರು. ಪ್ಲೇಟಿನಿಂದ ತೆಗೆದ ಮಾದರಿಯಲ್ಲಿ ಅದೇ ರೋಗಾಣು ಬೆಳೆಯಿತು. ದಾರಿ ಅದೊಂದೇ ಎಂದು ಹೇಳಲಾಗದಿದ್ದರೂ ಮುಚ್ಚಲೇಬೇಕಾದ ದಾರಿ. ಪ್ರತಿ ರೋಗಿಗೂ ಪ್ಲೇಟಿಗೆ ಹೊಸ ಚೀಲ, ಚೀಲ ತೆಗೆದ ಮೇಲೆ ಸೋಂಕುನಾಶಕದಿಂದ ಒರೆಸಿ ತಾನಾಗಿ ಒಣಗಲು ಬಿಡುವುದು, ಗಾಜಿನ ಕೋಣೆಗಳಿಗೆ ಕೊನೆಯಲ್ಲಿ ಹೋಗುವುದು ಎಂದು ಆ ತಂತ್ರಜ್ಞರೇ ಕ್ರಮ ಹಾಕಿದರು.

ಆದರೆ ಹಿಂದಿನ ದಿನಗಳಲ್ಲಿ ಅದೇ ಪ್ಲೇಟು ಆಕೆಯ ಬೆನ್ನಿನ ಕೆಳಗೂ ಹೋಗಿತ್ತು. ಸ್ವಾಬಿನ ಫಲಿತಾಂಶ ಇನ್ನೂ ಬಂದಿರಲಿಲ್ಲ. ಕೊನೆಗೆ ಪ್ರಯೋಗಾಲಯದಿಂದ ಫೋನು ಬಂತು: ಆ ರೋಗಾಣು ಬೆಳೆದಿಲ್ಲ. ವಾರದ ನಂತರದ ಎರಡನೇ ಸ್ವಾಬೂ ಶುದ್ಧವಾಗಿತ್ತು. ಬೇರೆ ಯಾರಲ್ಲೂ ಹೊಸದಾಗಿ ಕಾಣಿಸಲಿಲ್ಲ.

ಬೆಂಚಿನ ಮೇಲಿದ್ದ ಗಂಡನಿಗೆ ನಾನೇ ಹೋಗಿ ಹೇಳಿದೆ. ಅವರು ಚಪ್ಪಲಿ ಹುಡುಕತೊಡಗಿದರು; ಅವು ಕಾಲಲ್ಲೇ ಇದ್ದವು.

ಆಕೆಯನ್ನು ವಾರ್ಡಿಗೆ ಸಾಗಿಸಿದ ಮೇಲೆ ನೋಡಲು ಹೋದೆ, ಸಮವಸ್ತ್ರದಲ್ಲೇ. ಗಂಡ ಪಕ್ಕದಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದರು. ಆಕೆ ನನ್ನತ್ತ ಕೈ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡರು.

"ಮೊದಲ ಕೈ ತೊಳಕೋ ಅಕ್ಕಾ."

ಮಂಚದ ತುದಿಯಲ್ಲಿದ್ದ ಬಾಟಲಿ ಒತ್ತಿ, ಬೆರಳ ಸಂದಿಯವರೆಗೂ ಉಜ್ಜಿ, ಒಣಗುವ ತನಕ ಕಾದೆ. ಆಮೇಲೆ ಅವರ ಕೈ ಹಿಡಿದುಕೊಂಡು ಕುಳಿತೆ.