ಉತ್ತರ ಬಾರದ ಸಂದೇಶ

ಕತ್ತಲು ಪೂರ್ತಿ ಹರಿದಿಲ್ಲ. ನೀರೆತ್ತುವ ಪಂಪ್‌ಹೌಸ್‌ನ ಒಳಗೆ ಒಂದೇ ಬಲ್ಬು ಉರಿಯುತ್ತಿದೆ. ಸ್ಟಾರ್ಟರ್‌ನ ಹಸಿರು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಪಂಪ್ ಆಪರೇಟರ್ ಅಕ್ಕ ವಾಕಿಟಾಕಿಯನ್ನು ಬಾಯಿಗೆ ಹಿಡಿಯುತ್ತಾರೆ.

"ಕೆಳಗೆ ಸಿದ್ಧ. ಮೇಲೆ ವಾಲ್ವ್ ತೆಗೆದಿದೆಯಾ? ತಲುಪಿತಾ?"

"ಓಕೆ ಮೇಡಂ," ಎನ್ನುತ್ತದೆ ಗುಡ್ಡದ ಮೇಲಿನ ಟ್ಯಾಂಕಿನಿಂದ ಒಂದು ಹೊಸ ದನಿ.

ಅಕ್ಕನ ಬೆರಳು ಅಲುಗುವುದಿಲ್ಲ. "ಓಕೆ ಅಂದ್ರೆ ನನಗೆ ಏನೂ ಹೇಳಿದ ಹಾಗಾಗಲಿಲ್ಲ. ವಾಲ್ವ್ ಏನಾಗಿದೆ ಅಂತ ಹೇಳಿ."

"ಪೂರ್ತಿ ತೆಗೆದಿದೆ ಮೇಡಂ. ತಲುಪಿತು."

ಈಗ ಗುಂಡಿ ಒಳಗೆ ಹೋಗುತ್ತದೆ. ಮೋಟರ್ ಗುಂಯ್‌ಗುಡುತ್ತದೆ. ಅಕ್ಕ ಪಂಪಿನ ಪಕ್ಕದ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಒತ್ತಡ ತೋರುವ ಮುಳ್ಳಿನ ಮೇಲಿಂದ ಕಣ್ಣು ಕೀಳದೆ, ನಿಧಾನಕ್ಕೆ ತಿರುಗಿಸುತ್ತಾರೆ. ನೀರು ಗುಡ್ಡ ಹತ್ತತೊಡಗುತ್ತದೆ. ಊರು ಏಳುವಷ್ಟರಲ್ಲಿ ಟ್ಯಾಂಕು ತುಂಬಿರಬೇಕು.

ಮೇಲಿನ ವಾಲ್ವ್ ಮುಚ್ಚಿರುವಾಗ ಇಲ್ಲಿಂದ ನೀರು ನೂಕಿದರೆ ಕೊಳವೆಯ ಕೀಲು ಕಿತ್ತುಬರುತ್ತದೆ. ಆದ್ದರಿಂದ ಇಲ್ಲಿ ಆಡಿದ ಪ್ರತಿ ಮಾತಿಗೂ ಉತ್ತರ ಬರಲೇಬೇಕು. ಮಾತು ಕೇಳಿಸಿತೇ ಎಂಬ ಅರ್ಥದಲ್ಲಿ "ತಲುಪಿತಾ?" ಎಂದರೆ "ತಲುಪಿತು" ಎನ್ನಬೇಕು. ಹದಿನಾರು ವರ್ಷಗಳಿಂದ ಹಾಗೆ ಉತ್ತರಿಸುತ್ತಿದ್ದವರು ಟ್ಯಾಂಕ್ ಆಪರೇಟರ್. ಅಕ್ಕನಿಗಿಂತ ಹಿರಿಯರು. ಗುಡ್ಡದ ಮೇಲೆ ಕೂರುವ ಅವರಿಗೆ ಅಕ್ಕ ಇಟ್ಟ ಹೆಸರು 'ಮೇಲ್ಮನೆ'. ಅವರು ಅಕ್ಕನನ್ನು ಕರೆಯುವುದು 'ಕೆಳಮನೆ' ಎಂದು. "ನಮ್ಮೆರಡು ಮನೆ ಒಪ್ಪದೆ ಊರಲ್ಲಿ ಒಂದು ನಲ್ಲೀನೂ ಹರಿಯೋದಿಲ್ಲ," ಎಂದು ಇಬ್ಬರೂ ನಗುತ್ತಿದ್ದರು. ಮುಖ ನೋಡಿಕೊಂಡದ್ದು ಕಡಿಮೆ. ದನಿ ಕೇಳದ ಬೆಳಗು ಇರಲಿಲ್ಲ.

ಮೇಲ್ಮನೆ ಈಗ ಆಸ್ಪತ್ರೆಯಲ್ಲಿದ್ದಾರೆ. ಕರುಳಿನ ಶಸ್ತ್ರಚಿಕಿತ್ಸೆ ಆಗಿದೆ.

ಸುದ್ದಿ ಕೇಳಿದ ಗಾಬರಿಯಲ್ಲಿ ಅಕ್ಕ ಮೊಬೈಲ್‌ನಿಂದ ಸಂದೇಶ ಕಳಿಸಿದರು: ಹೇಗಿದ್ದೀರಿ, ಡಾಕ್ಟರ್ ಏನಂದರು, ಯಾವಾಗ ಮನೆಗೆ ಬಿಡುತ್ತಾರೆ. ಕೊನೆಗೆ ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತು: "ತಲುಪಿತಾ?"

ಆ ಒಂದು ಪದ ಮೇಲ್ಮನೆಯನ್ನು ಹಾಸಿಗೆಯಿಂದ ಎಬ್ಬಿಸಿತು. ಡ್ರಿಪ್ ಹಾಕಿದ್ದ ಕೈಯಲ್ಲೇ ಫೋನ್ ಹಿಡಿದು ಎದ್ದು ಕೂರಲು ಹೋದರು. ಹೊಲಿಗೆ ಎಳೆಯಿತು, ಸೂಜಿ ಜಾರಿತು, ನರ್ಸ್ ಓಡಿಬಂದರು. ಮಧ್ಯಾಹ್ನ ಅವರ ಹೆಂಡತಿ ಅಕ್ಕನಿಗೆ ಫೋನ್ ಮಾಡಿದರು. ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು ಎನ್ನುತ್ತಾರೆ ಅಕ್ಕ. "ನೀರು ನಿಂತುಹೋಗುತ್ತೆ, ಉತ್ತರ ಕೊಡಬೇಕು ಅಂತ ಒಂದೇ ಹಟ ಕಣಮ್ಮ. ಫೋನು ನಾನೇ ಇಟ್ಕೊಂಡಿದೀನಿ. ಸದ್ಯಕ್ಕೆ ಯಾರೂ ಏನೂ ಕಳಿಸ್ಬೇಡಿ."

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮಾತು ಅರ್ಧಕ್ಕೆ ನಿಂತರೆ ಮೇಲ್ಮನೆಗೆ ನಿದ್ದೆ ಬಾರದು ಎಂಬುದು ಅಕ್ಕನಿಗೆ ಗೊತ್ತು. "ಎಬ್ಬಿಸಿದವಳು ನಾನು. ಮಲಗಿಸೋದೂ ನನ್ನ ಕೆಲಸ," ಎನ್ನುತ್ತಾರೆ. ಮೇಲ್ಮನೆ ಓದಿ, ಉತ್ತರದ ಯೋಚನೆಯನ್ನೇ ಮಾಡದೆ ಕಣ್ಣು ಮುಚ್ಚಬೇಕು. ಅಂಥ ಒಂದು ಸಂದೇಶ ಬರೆಯದೆ ಬಿಡುವುದಿಲ್ಲ ಎಂದು ಅಕ್ಕ ಅಂದೇ ಪಟ್ಟು ಹಿಡಿದರು.

ಕಚೇರಿಯ ವಾಟ್ಸಾಪ್ ಗುಂಪು ಅವರಿಗೆ ಹಿಡಿಸಲಿಲ್ಲ. ಅಲ್ಲಿ ಹೂವಿನ ಚಿತ್ರಗಳು ಸಾಲುಗಟ್ಟಿ ಬೀಳುತ್ತಿದ್ದವು. ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳುತ್ತ ಕೂರುವ ಮನುಷ್ಯ ಮೇಲ್ಮನೆ. ಹಾಗಾಗಿ ಸಂದೇಶ ಅವರ ಹೆಂಡತಿಯ ಫೋನಿಗೆ ಹೋಗಬೇಕು. ರೋಗಿಗೆ ಎಚ್ಚರವಿದ್ದು, ನೋವು ಕಡಿಮೆಯಿರುವ ಹೊತ್ತು ನೋಡಿ ಆಕೆಯೇ ಓದಿಹೇಳಬೇಕು. ಅಷ್ಟಕ್ಕೆ ಆಕೆಯ ಒಪ್ಪಿಗೆ ಸಿಕ್ಕಿತು.

ಬರೆಯಲು ಕೂತಾಗ ಎದುರಿಗಿದ್ದವರು ಅಕ್ಕನ ಅತ್ತೆ. ಕಳೆದ ವರ್ಷ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿ ಬಂದವರು. ಅಕ್ಕ ಓದುತ್ತಾರೆ, ಅತ್ತೆ ಕತ್ತರಿಸುತ್ತಾರೆ. ಮೊದಲ ಬರಹದಲ್ಲಿ ಪ್ರಶ್ನೆಗಳೇ ಇದ್ದವು. "ಮಲಗಿರೋರಿಗೆ ಪರೀಕ್ಷೆ ಪೇಪರ್ ಕಳಿಸ್ತಿದೀಯೇನೇ?" ಎಂದರು ಅತ್ತೆ. 'ಏನಾದರೂ ಬೇಕಿದ್ದರೆ ಹೇಳಿ' ಎಂಬ ಸಾಲೂ ನಿಲ್ಲಲಿಲ್ಲ. ಏನು ಬೇಕೆಂದು ಯೋಚಿಸುವ, ಸಂಕೋಚ ಬಿಟ್ಟು ಕೇಳುವ ಕೆಲಸವನ್ನು ರೋಗಿಯ ತಲೆಗೇ ಕಟ್ಟಿದಂತಾಗುತ್ತದೆ. 'ನೀವಿಲ್ಲದೆ ಇಲ್ಲಿ ಕಷ್ಟ' ಎಂದರೆ ಮಲಗಿರುವುದೇ ತಪ್ಪು ಅನ್ನಿಸುತ್ತದೆ. 'ಎಲ್ಲ ಸರಾಗವಾಗಿ ನಡೀತಿದೆ' ಎಂದರೆ ತಾನು ಯಾರಿಗೂ ಬೇಡವಾದೆ ಅನ್ನಿಸುತ್ತದೆ. 'ಬೇಗ ಬನ್ನಿ' ಎಂದರೆ ಅವಸರ. ಇದೇ ಆಪರೇಷನ್ ಆಗಿದ್ದ ಚಿಕ್ಕಪ್ಪನ ಕತೆಯನ್ನು ಅತ್ತೆ ಬಾಯಿ ಬಿಡುವ ಮುಂಚೆಯೇ ಅಕ್ಕ ಅಳಿಸಿದರು.

ಉಳಿದದ್ದು ಒಂದೇ: ಮೇಲ್ಮನೆಯ ಮನಸ್ಸಿನಲ್ಲಿ ಕೊರೆಯುತ್ತಿರುವ ಸಂಗತಿ. ಮೇಲಿನ ವಾಲ್ವಿನ ಕತ್ತಿನಲ್ಲಿ ನೀರು ಹನಿಯುತ್ತಿತ್ತು. ತಿಂಗಳಿಂದ ಅದಕ್ಕೆ ಬಟ್ಟೆ ಸುತ್ತಿ ಕಾಯುತ್ತಿದ್ದವರು ಅವರೇ. ಹನಿ ನಿಂತಿದೆ ಎಂದು ಬರೆದರೆ ಅವರಿಗೆ ಸಮಾಧಾನ. ಆದರೆ ಹನಿ ನಿಂತಿರಲಿಲ್ಲ.

"ಆಸ್ಪತ್ರೇಲಿರೋರಿಗೆ ಸುಳ್ಳು ಬರೆದರೆ, ಆಮೇಲೆ ಯಾವ ಮಾತು ನಂಬ್ತಾರೆ?" ಅಕ್ಕ ಎರಡು ದಿನ ಫಿಟ್ಟರ್‌ನ ಬೆನ್ನು ಬಿಡಲಿಲ್ಲ. ಅವನನ್ನು ಕರೆದುಕೊಂಡು ತಾವೂ ಗುಡ್ಡ ಹತ್ತಿದರು, ವಾಲ್ವಿನ ಕತ್ತಿನ ಸಂದಿಗೆ ಸೋರದಂತೆ ಹೊಸ ದಾರ ತುಂಬಿಸಿ ಬಿಗಿ ಮಾಡಿಸಿದರು. ವಾಲ್ವಿನ ಕೆಳಗೆ ಅಂಗೈ ಒಡ್ಡಿ ಕೂತರು. ಅಂಗೈ ಒಣಗಿಯೇ ಇತ್ತು. ಅಲ್ಲೇ ಇನ್ನೊಂದು ಕಂಡಿತು: ಬದಲಿಗೆ ಬಂದವನು ಮೇಲ್ಮನೆಯ ಕುರ್ಚಿ ಮುಟ್ಟದೆ, ತನಗೊಂದು ಸ್ಟೂಲ್ ತಂದುಕೊಂಡಿದ್ದ.

ಕೊನೆಯ ಸಾಲು ಮಾತ್ರ ಕಾಡಿತು. 'ಉತ್ತರ ಬೇಡ' ಎಂದು ಬರೆದರೆ, "ಉತ್ತರ ಬೇಡ, ತಲುಪಿತು" ಎಂದು ಉತ್ತರಿಸುವ ಆಸಾಮಿ ಅವರು. ಮರುದಿನ ಬೆಳಿಗ್ಗೆ ಪಂಪ್ ನಿಲ್ಲಿಸಿ, ವಾಕಿಟಾಕಿಯಲ್ಲಿ ದಿನವೂ ಆಡುವ ಕಡೆಯ ಮಾತನ್ನು ಆಡಿದಾಗ ಅಕ್ಕ ಅಲ್ಲೇ ತಡೆದು ನಿಂತರು. ಆ ಮಾತು 'ಲೈನ್ ಬಿಟ್ಟೆ'. ತಂತಿಯ ಫೋನಿದ್ದ ಕಾಲದಿಂದ ಬಂದದ್ದು. ತಂತಿ ಹೋದರೂ ಮಾತು ಉಳಿದಿದೆ. ಇಲ್ಲಿನ ಮಾತುಗಳಲ್ಲಿ ಉತ್ತರ ಕೊಡಬಾರದ್ದು ಅದೊಂದೇ. ಅದು ಕಿವಿಗೆ ಬಿದ್ದರೆ ಆ ಕಡೆಯವರು ವಾಕಿಟಾಕಿ ಕೆಳಗಿಟ್ಟು ಸುಮ್ಮನಾಗಬೇಕು.

ಹೋದ ಸಂದೇಶ ಇಷ್ಟು:

"ಅಣ್ಣ, ದಿನಾ ಬೆಳಿಗ್ಗೆ ನಿಮ್ಮ ನೆನಪಾಗುತ್ತೆ. ವಾಲ್ವಿಗೆ ಹೊಸ ದಾರ ತುಂಬಿಸಿದೆವು, ಹನಿ ನಿಂತಿದೆ, ನಾನೇ ಮುಟ್ಟಿ ನೋಡಿದೆ. ಬದಲಿಯವರು ಸ್ಟೂಲ್ ಮೇಲೆ ಕೂರ್ತಾರೆ, ನಿಮ್ಮ ಕುರ್ಚಿ ನಿಮ್ಮದೇ. ನಿಧಾನವಾಗಿ ಗುಣವಾಗಿ. ಲೈನ್ ಬಿಟ್ಟೆ. – ಕೆಳಮನೆ."

ಸ್ಟೂಲಿನ ಮಾತು ಬೇಡ, ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಅತ್ತೆ ತಕರಾರು ತೆಗೆದಿದ್ದರು. ಅದೊಂದನ್ನು ಅಕ್ಕ ಬಿಟ್ಟುಕೊಡಲಿಲ್ಲ.

ಕಳಿಸಿದ ಮೇಲೆ ಅಕ್ಕ ಫೋನನ್ನು ಟಿಫಿನ್ ಚೀಲಕ್ಕೆ ಹಾಕಿ ಜಿಪ್ ಎಳೆದರು. ಓದಿದ್ದಾರೆಂದು ತೋರುವ ನೀಲಿ ಗೆರೆ ಬಿತ್ತೇ ಎಂದು ನೋಡಲಿಲ್ಲ, ಫೋನೂ ಮಾಡಲಿಲ್ಲ. ನೋಡುತ್ತ ಕೂತರೆ ತಾನು ಇನ್ನೂ ಲೈನ್ ಬಿಟ್ಟಿಲ್ಲ ಎಂದೇ ಅರ್ಥ ಎನ್ನುತ್ತಾರೆ. ನಡೆದದ್ದು ವಾರ ಕಳೆದ ಮೇಲೆ ಮಾರುಕಟ್ಟೆಯಲ್ಲಿ ಎದುರಾದ ಮೇಲ್ಮನೆಯ ಹೆಂಡತಿಯಿಂದ ತಿಳಿಯಿತು. ಒಮ್ಮೆ ಓದಿಸಿಕೊಂಡರಂತೆ, ಇನ್ನೊಮ್ಮೆ ಓದು ಎಂದರಂತೆ. ಸ್ಟೂಲಿನ ಮಾತು ಬಂದಾಗ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡರಂತೆ. 'ಲೈನ್ ಬಿಟ್ಟೆ' ಎಂದದ್ದೇ ತಲೆಯನ್ನು ದಿಂಬಿಗೆ ಒರಗಿಸಿ, ಸಂಜೆಯವರೆಗೆ ನಿದ್ದೆ ಹೋದರಂತೆ.

ಅವರು ಗುಣವಾಗುತ್ತಿದ್ದಾರೆ, ಕೆಲಸಕ್ಕೆ ಬರಲು ಇನ್ನೂ ಸಮಯವಿದೆ. ಗುಡ್ಡದ ಮೇಲಿಂದ ಹಳೆಯ ದನಿಯಲ್ಲಿ ಒಂದು "ತಲುಪಿತು" ಕೇಳುವ ಆಸೆ ಅಕ್ಕನಿಗಿದೆ. ಆದರೆ ಅದನ್ನು ಅವರಿಗೆ ಯಾರೂ ಹೇಳಕೂಡದು ಎಂಬ ಷರತ್ತೂ ಇದೆ.

ಮೋಟರ್ ನಿಲ್ಲುತ್ತದೆ. ಅಷ್ಟು ಕಷ್ಟಪಟ್ಟು ಬರೆದದ್ದಕ್ಕೆ ಮೇಲ್ಮನೆಯಿಂದ ಏನಾದರೂ ಉತ್ತರ ಬಂತೇ ಎಂದು ಕೇಳಿದರೆ, ಅಕ್ಕ ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ನಗುತ್ತಾರೆ.

"ಬರಲಿಲ್ಲ. ಒಂದಕ್ಷರವೂ ಬರಲಿಲ್ಲ."